ಕಾಫಿ-ವೋಡ್ಕಾ ಲೋಟದ ಮೇಲಿನ ದಪ್ಪ ನೊರೆ ಎಲ್ಲಿಂದ ಬರುತ್ತದೆ?

ಕಪ್ಪು ಪಾನೀಯ, ಅದರ ಮೇಲೆ ಬೆರಳಗಲದ ಕೆನೆಬಣ್ಣದ ನೊರೆ, ನೊರೆಯ ಮೇಲೆ ಮೂರು ಕಾಫಿ ಬೀಜ. ಎಸ್ಪ್ರೆಸೊ ಮಾರ್ಟಿನಿಯ ಇಂಥ ವಿಡಿಯೊ ವಾಟ್ಸಾಪ್‌ನಲ್ಲಿ ಬಂದರೆ ಎರಡು ಅನುಮಾನ ಸಹಜ. ಇದಕ್ಕೆ ಮೊಟ್ಟೆಯ ಬಿಳಿಯನ್ನೋ ಕೆಮಿಕಲ್ಲನ್ನೋ ಹಾಕಿದ್ದಾರೆಯೇ? ಕಾಫಿ ಇರುವುದರಿಂದ ಅಮಲು ಕಡಿಮೆಯಾಗುತ್ತದೆಯೇ? ಎರಡಕ್ಕೂ ಉತ್ತರ 'ಇಲ್ಲ'. ಕಾರಣವನ್ನು ನೋಡೋಣ.

ನೊರೆ ಕಾಫಿಯದ್ದೇ

1980ರ ದಶಕದಲ್ಲಿ ಲಂಡನ್ನಿನ ಬಾರ್‌ಟೆಂಡರ್ ಡಿಕ್ ಬ್ರಾಡ್‌ಸೆಲ್ ರೂಪಿಸಿದ ಪಾನೀಯವಿದು. ಅಂತರರಾಷ್ಟ್ರೀಯ ಬಾರ್‌ಟೆಂಡರ್ ಸಂಘದ ಅಳತೆಯಲ್ಲಿ 50 ಮಿ.ಲೀ. ವೋಡ್ಕಾ, 30 ಮಿ.ಲೀ. ಕಾಫಿ ಲಿಕ್ಕರ್, 10 ಮಿ.ಲೀ. ಸಕ್ಕರೆ ಪಾಕ ಮತ್ತು ಒಂದು ಸ್ಟ್ರಾಂಗ್ ಎಸ್ಪ್ರೆಸೊ ಇವೆ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ.

ಹುರಿದ ಕಾಫಿ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ಸಿಕ್ಕಿಕೊಂಡಿರುತ್ತದೆ. ಎಸ್ಪ್ರೆಸೊ ಯಂತ್ರ ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರನ್ನು ಪುಡಿಯ ಮೂಲಕ ನುಗ್ಗಿಸಿದಾಗ ಆ ಅನಿಲ ಕಾಫಿಯಲ್ಲಿ ಕರಗುತ್ತದೆ. ಕಪ್ಪಿಗೆ ಇಳಿದೊಡನೆ ಒತ್ತಡ ತಗ್ಗಿ, ಸಣ್ಣ ಗುಳ್ಳೆಗಳಾಗಿ ಹೊರಬರುತ್ತದೆ. ಆಮೇಲೆ ಐಸ್ ಹಾಕಿ ಜೋರಾಗಿ ಕುಲುಕಿದಾಗ ಗಾಳಿಯೂ ಸೇರಿ ಗುಳ್ಳೆಗಳು ಹೆಚ್ಚುತ್ತವೆ. ಕಾಫಿಯಲ್ಲೇ ಇರುವ ಪ್ರೋಟೀನಿನಂಥ ಪದಾರ್ಥಗಳು ಪ್ರತಿ ಗುಳ್ಳೆಗೂ ಪೊರೆಯಂತೆ ಅಂಟಿಕೊಂಡು ಅದು ಬೇಗ ಒಡೆಯದಂತೆ ತಡೆಯುತ್ತವೆ.

ನಮ್ಮ ಡಿಕಾಕ್ಷನ್‌ಗೆ ಏಕೆ ಅಷ್ಟು ನೊರೆ ಬರದು?

ತುಮಕೂರು, ಗುಬ್ಬಿ, ಕುಣಿಗಲ್‌ನ ಮನೆಗಳ ಫಿಲ್ಟರ್‌ನಲ್ಲಿ ನೀರು ತನ್ನ ಭಾರಕ್ಕೇ ನಿಧಾನವಾಗಿ ಇಳಿಯುತ್ತದೆ, ಒತ್ತಡವಿಲ್ಲ. ಪುಡಿಯಲ್ಲಿದ್ದ ಅನಿಲ ಬಿಸಿನೀರು ಬಿದ್ದಾಗಲೇ ಬಹುಪಾಲು ಹೊರಟುಹೋಗುತ್ತದೆ, ಉಳಿದದ್ದು ಡಿಕಾಕ್ಷನ್ ಇಳಿಯುವ ಹೊತ್ತಿಗೆ ಹೋಗಿರುತ್ತದೆ. ಚಿಕೋರಿ ಬಣ್ಣ, ಮಂದತನ ಕೊಟ್ಟರೂ ಒತ್ತಡದ ಕೆಲಸವನ್ನು ಮಾಡಲಾರದು. ಲೋಟ ಎತ್ತಿ ಹುಯ್ದಾಗ ನಮ್ಮ ಕಾಫಿಯಲ್ಲಿ ಕಾಣುವ ನೊರೆಗೆ ಮುಖ್ಯ ಆಧಾರ ಹಾಲಿನ ಪ್ರೋಟೀನು. ಹಾಗಾಗಿ ಬರೀ ಡಿಕಾಕ್ಷನ್ ಹಾಕಿ ಕುಲುಕಿದರೆ ನೊರೆ ಬರುತ್ತದೆ, ಆದರೆ ತೆಳ್ಳಗಿದ್ದು ಬೇಗ ಇಳಿಯುತ್ತದೆ.

ಸಕ್ಕರೆ ಮತ್ತು ವೋಡ್ಕಾದ ಜಗ್ಗಾಟ

ನೊರೆ ಕುಸಿಯುವುದು ಗುಳ್ಳೆಗಳ ನಡುವಿನ ದ್ರವ ಕೆಳಗಿಳಿದು ಪೊರೆ ತೆಳುವಾದಾಗ. ಸಕ್ಕರೆ ಪಾಕ ದ್ರವವನ್ನು ಮಂದವಾಗಿಸಿ ಆ ಇಳಿತವನ್ನು ನಿಧಾನಿಸುತ್ತದೆ, ಕಾಫಿಯ ಕಹಿಯನ್ನೂ ತಗ್ಗಿಸುತ್ತದೆ. ಒಣ ಸಕ್ಕರೆ ತಣ್ಣಗಿನ ವೋಡ್ಕಾದಲ್ಲಿ ಸರಿಯಾಗಿ ಕರಗದೆ ತಳದಲ್ಲೇ ಕೂರುತ್ತದೆ, ಆದ್ದರಿಂದ ಪಾಕವೇ ಬೇಕು.

ವೋಡ್ಕಾದ ಕೆಲಸ ಇದಕ್ಕೆ ತಿರುವುಮುರುವು. ಮದ್ಯಸಾರ ಹೆಚ್ಚಾದರೆ ಅದು ಗುಳ್ಳೆಯ ಪೊರೆಯಲ್ಲಿ ಕಾಫಿಯ ಪದಾರ್ಥಗಳ ಜಾಗ ಹಿಡಿದು ಪೊರೆಯನ್ನು ಸಡಿಲಗೊಳಿಸುತ್ತದೆ. 50 ಮಿ.ಲೀ. ಬದಲು 90 ಮಿ.ಲೀ. ವೋಡ್ಕಾ ಹಾಕಿ ಕಾಫಿ, ಪಾಕವನ್ನು ಅಷ್ಟೇ ಇಟ್ಟರೆ ರುಚಿ ಗಂಟಲು ಸುಡುತ್ತದೆ, ನೊರೆಯೂ ತೆಳುವಾಗುತ್ತದೆ. ಪಾಕವನ್ನು ಮಾತ್ರ ಹೆಚ್ಚಿಸಿದರೆ ಕಾಫಿ ಮಿಠಾಯಿ ಕುಡಿದಂತಾಗುತ್ತದೆ.

ತಪ್ಪಿದ್ದೆಲ್ಲಿ ಎಂದು ತಿಳಿಯುವುದು ಹೇಗೆ?

ದೊಡ್ಡ ಗುಳ್ಳೆಗಳು ಕಂಡು ಒಂದೆರಡು ನಿಮಿಷದಲ್ಲೇ ಒಡೆದರೆ, ಕುಲುಕಿದ್ದು ಸಾಲದು ಅಥವಾ ಕಾಫಿ ಹಳೆಯದು. ಆಗಷ್ಟೇ ತೆಗೆದ ಎಸ್ಪ್ರೆಸೊ ಹಾಕಿ ಸುಮಾರು 15 ಸೆಕೆಂಡು ಜೋರಾಗಿ ಕುಲುಕಬೇಕು. ಪಾನೀಯ ನೀರುನೀರಾಗಿದ್ದರೆ ಐಸ್ ಚೂರುಗಳು ತೀರಾ ಸಣ್ಣವಾಗಿ ಬೇಗ ಕರಗಿವೆ. ದೊಡ್ಡ ತುಂಡುಗಳು ಬೇಕು. ಎಲ್ಲ ಸರಿಯಿದ್ದೂ ನೊರೆ ನಿಲ್ಲದಿದ್ದರೆ ಪಾತ್ರೆಯಲ್ಲಿ ಜಿಡ್ಡಿದೆಯೇ ನೋಡಿ. ಎಣ್ಣೆಯ ಪಸೆ ನೊರೆಗೆ ಶತ್ರು.

ಅಮಲು ಕಡಿಮೆಯೇ?

ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ವೋಡ್ಕಾದಲ್ಲಿ ಮದ್ಯಸಾರ 42.8%. ಅದರ 50 ಮಿ.ಲೀ. ಮತ್ತು ಲಿಕ್ಕರ್ ಸೇರಿದರೆ ಒಂದು ಲೋಟದಲ್ಲಿ ಸುಮಾರು 20 ಗ್ರಾಂ ಮದ್ಯಸಾರ. ದೇಹ ಇದನ್ನು ಕರಗಿಸಲು ಸಾಮಾನ್ಯವಾಗಿ ಎರಡು ಮೂರು ಗಂಟೆ ಬೇಕು, ಕಾಫಿ ಇದ್ದರೂ ಅಷ್ಟೇ. ಕೆಫೀನ್ ನಿದ್ದೆಯನ್ನು ಓಡಿಸುತ್ತದೆಯೇ ಹೊರತು ರಕ್ತದಲ್ಲಿನ ಮದ್ಯಸಾರವನ್ನಲ್ಲ. ಕುಡಿದವರಿಗೆ 'ನಾನು ಸರಿಯಾಗಿದ್ದೇನೆ' ಅನ್ನಿಸುತ್ತದೆ, ಆದರೆ ಬ್ರೇಕ್ ಹಿಡಿಯುವ ಕೈ ತಡವಾಗಿಯೇ ಸ್ಪಂದಿಸುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸುವುದು ಅಪರಾಧ. ಇಂಥ ಒಂದೇ ಲೋಟ ಹಲವರನ್ನು ಆ ಮಿತಿಯ ಹತ್ತಿರಕ್ಕೋ ಆಚೆಗೋ ಒಯ್ಯಬಲ್ಲದು. ಬೆಂಗಳೂರಲ್ಲಿ ಕುಡಿದು, 'ಕಾಫಿ ಇತ್ತಲ್ಲ' ಎಂದು ರಾತ್ರಿ ಕುಣಿಗಲ್ ಕಡೆ ಗಾಡಿ ತೆಗೆಯುವವರಿಗೆ ಆ ನೊರೆ ಯಾವ ರಕ್ಷಣೆಯನ್ನೂ ಕೊಡದು.

ಒಟ್ಟಿನಲ್ಲಿ: 'ನೊರೆಗೆ ಮೊಟ್ಟೆ, ಕೆಮಿಕಲ್ ಬೇಕೇ ಬೇಕು' ಎಂಬುದು ಸುಳ್ಳು. 'ಕಾಫಿ ಬೆರೆತರೆ ಅಮಲೇರದು' ಎಂಬುದು ಸುಳ್ಳಷ್ಟೇ ಅಲ್ಲ, ಅಪಾಯಕಾರಿ. ಈ ಎರಡನೆಯ ಫಾರ್ವರ್ಡ್ ಬಂದರೆ ಅಲ್ಲಿಗೇ ನಿಲ್ಲಿಸಿ.