ಫಿಟ್ಸ್ ಐದು ನಿಮಿಷ ದಾಟಿದರೆ

ಮಗುವಿಗೆ ಫಿಟ್ಸ್ ಬಂತೆಂದರೆ ಮನೆಯವರ ಕೈ ಸುಮ್ಮನಿರುವುದಿಲ್ಲ. ಒಬ್ಬರು ಬೀಗದ ಕೈ ಗೊಂಚಲನ್ನು ಮಗುವಿನ ಮುಷ್ಟಿಗೆ ತುರುಕುತ್ತಾರೆ, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ, ಮತ್ತೊಬ್ಬರು ಹಲ್ಲಿನ ಸಂದಿಗೆ ಚಮಚ ಇಡಲು ನೋಡುತ್ತಾರೆ. ಎರಡು ಮೂರು ನಿಮಿಷದಲ್ಲಿ ಫಿಟ್ಸ್ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ. ಅಸಲಿಗೆ ಹೆಚ್ಚಿನ ಫಿಟ್ಸ್ ಅಷ್ಟರಲ್ಲಿ ತಾನಾಗಿಯೇ ನಿಲ್ಲುವಂಥದ್ದು. ಆ ಹೊತ್ತಿನಲ್ಲಿ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನ ಬಟ್ಟೆ ಸಡಿಲಿಸಿ, ಶುರುವಾದ ಸಮಯ ನೋಡಿಕೊಂಡರೆ ಸಾಕು.

ಆದರೆ ಐದು ನಿಮಿಷ ಕಳೆದರೂ ಮೈ ಸೆಟೆದು ಕೈಕಾಲು ಅದುರುತ್ತಲೇ ಇದ್ದರೆ ಲೆಕ್ಕ ಬದಲಾಗುತ್ತದೆ. ಅಲ್ಲಿಂದಾಚೆಗೆ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಅರ್ಧ ಗಂಟೆ ಮುಂದುವರಿದರೆ ಮಿದುಳಿಗೆ ಶಾಶ್ವತ ಹಾನಿಯಾಗುವ ಭಯವಿದೆ. ಮಿದುಳಿನ ಉದ್ರೇಕವನ್ನು ತಣಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಬಲ ತುಂಬುವ ಔಷಧಗಳೇ ಮಿಡಜೋಲಮ್ ಮತ್ತು ಡಯಜಪಾಮ್. ಫಿಟ್ಸ್ ಎಳೆದಷ್ಟೂ ನರಕೋಶಗಳು ಗಾಬಾ ಬಂದು ಕೂರುವ ಗ್ರಾಹಕಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ಐದನೇ ನಿಮಿಷದಲ್ಲಿ ಕೊಟ್ಟ ಔಷಧಕ್ಕೆ ಇರುವ ಶಕ್ತಿ ಮೂವತ್ತನೇ ನಿಮಿಷದಲ್ಲಿ ಕೊಟ್ಟದ್ದಕ್ಕೆ ಇಲ್ಲದಿರುವುದು ಇದರಿಂದಲೇ. ಹೀಗೆ ದೀರ್ಘ ಫಿಟ್ಸ್ ಬರುವ ಅಪಾಯವಿರುವ ಮಕ್ಕಳ ಮನೆಗೆ ಡಾಕ್ಟರು ಮೊದಲೇ ಔಷಧ ಬರೆದುಕೊಡುತ್ತಾರೆ.

ಅದನ್ನು ಎರಡು ದಾರಿಯಲ್ಲಿ ಕೊಡಬಹುದು: ಮಿಡಜೋಲಮ್ಮನ್ನು ಕೆನ್ನೆಯೊಳಗೆ, ಇಲ್ಲವೆ ಡಯಜಪಾಮನ್ನು ಗುದದ್ವಾರದ ಮೂಲಕ. ಇಂಗ್ಲೆಂಡಿನ ನಾಲ್ಕು ಆಸ್ಪತ್ರೆಗಳಲ್ಲಿ ಇವೆರಡನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹತ್ತು ನಿಮಿಷದೊಳಗೆ ಫಿಟ್ಸ್ ನಿಲ್ಲಬೇಕು, ಉಸಿರು ಕುಗ್ಗಬಾರದು, ಒಂದು ಗಂಟೆಯೊಳಗೆ ಮತ್ತೆ ಬರಬಾರದು ಎಂಬುದು ಅದರ ಅಳತೆಗೋಲು. ಮಿಡಜೋಲಮ್ ಶೇ. 56 ಸಲ ಈ ಪರೀಕ್ಷೆಯಲ್ಲಿ ಗೆದ್ದರೆ, ಡಯಜಪಾಮ್ ಶೇ. 27 ಸಲ ಗೆದ್ದಿತು. ಕೆನ್ನೆಯೇ ಮೇಲೆಂದು ಡಾಕ್ಟರುಗಳು ಹೇಳಲು ಇದೂ ಒಂದು ಕಾರಣ. ಶಾಲೆಯಲ್ಲೋ ಬಸ್ಸಿನಲ್ಲೋ ಮಗುವಿನ ಬಟ್ಟೆ ಬಿಚ್ಚಬೇಕಾಗಿಲ್ಲ ಎಂಬುದು ಇನ್ನೊಂದು.

ಮನೆಯಲ್ಲಿ ಕೈ ತಪ್ಪುವುದು ಹೆಚ್ಚಾಗಿ ಅಳತೆಯಲ್ಲಿ. ನಾಲ್ಕು ವರ್ಷದ, 15 ಕೆ.ಜಿ. ತೂಕದ ಹುಡುಗಿಯೊಬ್ಬಳಿದ್ದಾಳೆ ಎನ್ನಿ. ಕೆನ್ನೆಯೊಳಗಿನ ಮಿಡಜೋಲಮ್ಮಿಗೆ ಸಾಮಾನ್ಯವಾಗಿ ಪ್ರತಿ ಕೆ.ಜಿ.ಗೆ 0.3 ಮಿ.ಗ್ರಾಂ ಲೆಕ್ಕ ಹಿಡಿಯುತ್ತಾರೆ. ಅಂದರೆ ಇವಳಿಗೆ 4.5 ಮಿ.ಗ್ರಾಂ. ವಯಸ್ಸಿನ ಪಟ್ಟಿಯಲ್ಲೂ ಒಂದರಿಂದ ನಾಲ್ಕು ವರ್ಷದವರಿಗೆ 5 ಮಿ.ಗ್ರಾಂ ಎಂದಿದೆ. ಎರಡೂ ಹತ್ತಿರ ಹತ್ತಿರ ಇರುವುದರಿಂದ ಡಾಕ್ಟರು 5 ಮಿ.ಗ್ರಾಂ ಎಂದು ಬರೆಯುತ್ತಾರೆ. ಸಿರಿಂಜಿನ ಮೇಲೆ ಇರುವುದಾದರೋ ಮಿ.ಗ್ರಾಂ ಗೆರೆಯಲ್ಲ, ಮಿ.ಲೀ. ಗೆರೆ. ಮಿಡಜೋಲಮ್ ಒಂದು ಮಿ.ಲೀ.ಗೆ 5 ಮಿ.ಗ್ರಾಂ ಇರುವ ಗಟ್ಟಿ ದ್ರಾವಣವಾಗಿಯೂ 1 ಮಿ.ಗ್ರಾಂ ಇರುವ ತೆಳು ದ್ರಾವಣವಾಗಿಯೂ ಸಿಗುತ್ತದೆ. ಗಟ್ಟಿಯದಾದರೆ ಈ ಹುಡುಗಿಗೆ ಬೇಕಾದ್ದು 1 ಮಿ.ಲೀ. ಮಾತ್ರ. ಅದೇ 1 ಮಿ.ಲೀ. ಎಂದು ನೆನಪಿಟ್ಟುಕೊಂಡು ತೆಳುವಾದದ್ದನ್ನು ಎಳೆದರೆ ಐದನೇ ಒಂದು ಭಾಗವಷ್ಟೇ ಹೋಗುತ್ತದೆ, ಫಿಟ್ಸ್ ನಿಲ್ಲುವುದಿಲ್ಲ. 5 ಎಂಬ ಸಂಖ್ಯೆಯೊಂದೇ ತಲೆಯಲ್ಲಿ ಉಳಿದು ಗಟ್ಟಿಯದನ್ನು 5 ಮಿ.ಲೀ. ಎಳೆದರೆ ಐದು ಪಟ್ಟು ಹೋಗಿ ಉಸಿರೇ ನಿಲ್ಲಬಹುದು.

ಆದ್ದರಿಂದ ಡಾಕ್ಟರ ಕೈಯಲ್ಲಿ ಮೂರನ್ನೂ ಬರೆಸಿಕೊಳ್ಳಬೇಕು: ಎಷ್ಟು ಮಿ.ಗ್ರಾಂ, ಯಾವ ಗಾಢತೆಯ ಔಷಧ, ಸಿರಿಂಜಿನಲ್ಲಿ ಯಾವ ಗೆರೆಯವರೆಗೆ. ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟರೆ ಮೂರನ್ನೂ ಮತ್ತೆ ಹೊಂದಿಸಿ ನೋಡಬೇಕು. ಸೂಜಿಯಿಲ್ಲದ, ಅಳತೆ ತುಂಬಿಸಿಟ್ಟ ಸಿರಿಂಜ್ ಸಿಕ್ಕರೆ ಅದೇ ಕ್ಷೇಮ. ಗಾಜಿನ ಆಂಪೂಲ್ ಆದರೆ ಒಡೆಯುವುದು, ಸೂಜಿಯಿಂದ ಎಳೆಯುವುದು, ಆಮೇಲೆ ಸೂಜಿ ಕಳಚುವುದು, ಇಷ್ಟನ್ನೂ ಆಸ್ಪತ್ರೆಯಲ್ಲೇ ಒಮ್ಮೆ ಕಲಿತುಕೊಳ್ಳಬೇಕು. ಸೂಜಿ ಇದ್ದಂತೆಯೇ ಬಾಯಿಗೆ ಹೋಗಬಾರದು. ಹುಡುಗಿಯ ಲೆಕ್ಕ ಅವಳ ತೂಕಕ್ಕೆ ಮಾತ್ರ. ಉಸಿರಾಟದ ತೊಂದರೆಯಿರುವ ಮಗುವಿಗೆ, ಬೇರೆ ಮಂಪರು ಔಷಧ ಪಡೆಯುತ್ತಿರುವ ಮಗುವಿಗೆ ಡಾಕ್ಟರು ಬೇರೆಯೇ ಲೆಕ್ಕ ಹಾಕಬಹುದು. ಮಗು ಬೆಳೆದಂತೆ ಅಳತೆಯನ್ನು ತೂಕ ನೋಡಿ ತಿದ್ದಿಸಬೇಕು.

ಐದನೇ ನಿಮಿಷ ಬಂತು. ಒಬ್ಬರು 108ಕ್ಕೆ ಫೋನ್ ಮಾಡುತ್ತಿರುವಾಗ ಇನ್ನೊಬ್ಬರು ಮಗುವಿನ ತಲೆಯ ಬಳಿ ಕೂತು ಬಾಯಿಯ ಜೊಲ್ಲು ಒರೆಸುತ್ತಾರೆ. ಹಲ್ಲು ಕಚ್ಚಿದ್ದರೂ ಚಿಂತೆಯಿಲ್ಲ, ಬಾಯಿ ತೆರೆಸಬೇಕಾಗಿಲ್ಲ. ತುಟಿಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ಸಿರಿಂಜಿನ ತುದಿಯನ್ನು ಕೆಳಗಿನ ಒಸಡಿಗೂ ಕೆನ್ನೆಗೂ ನಡುವಿನ ಸಂದಿಗೆ ಇಡಬೇಕು. ನಾಲ್ಕೈದು ಸೆಕೆಂಡಿನಲ್ಲಿ ಮೆಲ್ಲನೆ ಒತ್ತಬೇಕು. ಪ್ರಮಾಣ ಹೆಚ್ಚಿದ್ದರೆ ಅರ್ಧ ಒಂದು ಕೆನ್ನೆಗೆ, ಅರ್ಧ ಇನ್ನೊಂದಕ್ಕೆ. ಔಷಧ ಕೆನ್ನೆಯ ತೆಳುಪೊರೆಯಿಂದ ನೇರ ರಕ್ತಕ್ಕೆ ಇಳಿಯಬೇಕು. ರಭಸದಿಂದ ಗಂಟಲಿಗೆ ಹಾರಿಸಿದರೆ ಶ್ವಾಸನಾಳಕ್ಕೆ ಹೋಗಬಹುದು, ನುಂಗಿದರೆ ಅದರ ಬಹುಪಾಲನ್ನು ಯಕೃತ್ತು ಕರಗಿಸಿಬಿಡುತ್ತದೆ. ಸ್ವಲ್ಪ ಜೊಲ್ಲಿನ ಜೊತೆ ಹೊರಗೆ ಬಂದರೂ ಮತ್ತೆ ಹಾಕಬಾರದು, ಏಕೆಂದರೆ ಎಷ್ಟು ಒಳಗೆ ಇಳಿದಿದೆಯೆಂದು ಹೇಳಲು ಬರುವುದಿಲ್ಲ.

ಗುದದ್ವಾರದ ಡಯಜಪಾಮ್ ಬರೆದಿದ್ದರೆ ಮಗುವನ್ನು ಮಗ್ಗುಲಿಗೆ ಮಲಗಿಸಿ ಮೊಣಕಾಲು ಮಡಿಸಿ, ಟ್ಯೂಬಿನ ಮೂತಿಯನ್ನು ಡಾಕ್ಟರು ತೋರಿಸಿದಷ್ಟೇ ಆಳಕ್ಕೆ ತೂರಿಸಬೇಕು. ಒತ್ತಿದ ಟ್ಯೂಬನ್ನು ಒತ್ತಿ ಹಿಡಿದುಕೊಂಡೇ ಹೊರಗೆ ತೆಗೆಯಬೇಕು, ಬಿಟ್ಟರೆ ಔಷಧ ವಾಪಸ್ ಟ್ಯೂಬಿಗೇ ಎಳೆದುಕೊಳ್ಳುತ್ತದೆ. ಆಮೇಲೆ ಎರಡು ಕುಂಡಿಗಳನ್ನೂ ಕೆಲವು ನಿಮಿಷ ಸೇರಿಸಿ ಹಿಡಿಯಬೇಕು. ಇದು ದ್ರಾವಣವೇ ಆಗಿರಬೇಕು. ಕರಗಿ ಇಳಿಯುವ ಡಯಜಪಾಮ್ ಗುಳಿಗೆ ರಕ್ತ ಸೇರಲು ತೀರಾ ತಡವಾಗುತ್ತದೆ.

ಕೊಟ್ಟ ಮೇಲೆ ಐದರಿಂದ ಹತ್ತು ನಿಮಿಷದಲ್ಲಿ ಅದುರು ಇಳಿಯಬೇಕು. ಆಮೇಲೆ ಮಗು ನಿದ್ದೆಗೆ ಜಾರುತ್ತದೆ. ಮೈ ಸಡಿಲವಾಗಿ, ಎದೆ ಏಕಪ್ರಕಾರವಾಗಿ ಏರಿಳಿಯುತ್ತಿದ್ದರೆ ಅದು ನಿದ್ದೆಯೇ. ಕಣ್ಣು ಒಂದೇ ಕಡೆ ತಿರುಗಿ ನಿಂತಿದ್ದು, ಬೆರಳೋ ತುಟಿಯ ಮೂಲೆಯೋ ಮಿಡುಕುತ್ತಿದ್ದರೆ ಮೇಲೆ ಶಾಂತವೆನಿಸಿದರೂ ಒಳಗೆ ಫಿಟ್ಸ್ ಸಾಗುತ್ತಿರಬಹುದು. ಉಸಿರು ನಿಧಾನವಾದರೆ, ತುಟಿ ನೀಲಿಗಟ್ಟಿದರೆ ಗದ್ದವನ್ನು ಮೇಲೆತ್ತಿ ಹಿಡಿಯಬೇಕು. ಉಸಿರು ನಿಂತರೆ, ಫೋನಿನಲ್ಲಿರುವ 108 ಸಿಬ್ಬಂದಿ ಹೇಳಿದಂತೆ ಕೃತಕ ಉಸಿರಾಟ ಕೊಡಬೇಕು.

ಹತ್ತು ನಿಮಿಷ ಕಳೆದೂ ನಿಲ್ಲದಿದ್ದರೆ ಮನೆಯವರಿಗೆ ಸಹಜವಾಗಿ ತೋಚುವುದು ಇನ್ನೊಂದು ಡೋಸ್. ಚೀಟಿಯಲ್ಲಿ ಡಾಕ್ಟರು ಬರೆದಿರದಿದ್ದರೆ ಅದನ್ನು ಕೊಡಬಾರದು. ಎರಡನೆಯ ಡೋಸಿನ ನಂತರ ಉಸಿರು ಕುಗ್ಗುವ ಅಪಾಯ ಏರುತ್ತದೆ, ಆಮ್ಲಜನಕ ಕೊಡಬಲ್ಲವರು ಹತ್ತಿರದಲ್ಲೇ ಇರಬೇಕಾಗುತ್ತದೆ. ಆಂಬುಲೆನ್ಸಿನವರು ಬಂದ ಕೂಡಲೇ ಫಿಟ್ಸ್ ಎಷ್ಟು ಗಂಟೆಗೆ ಶುರುವಾಯಿತು, ಯಾವ ಔಷಧ ಎಷ್ಟು ಮಿ.ಗ್ರಾಂ ಎಷ್ಟು ಗಂಟೆಗೆ ಕೊಟ್ಟಿರಿ ಎಂಬುದನ್ನು ಹೇಳಿ, ಖಾಲಿ ಸಿರಿಂಜನ್ನೂ ಅವರ ಕೈಗೆ ಕೊಡಿ. ಅದು ಗೊತ್ತಿಲ್ಲದೆ ಅವರು ಕೊಡುವ ಡೋಸ್ ನಿಮ್ಮದರ ಮೇಲೆಯೇ ಸೇರಿಕೊಳ್ಳುತ್ತದೆ.