ತೊಂಬತ್ತನೆಯ ದಿನ ಯಾವುದು?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮೂರು ತಿಂಗಳ ನೋಟಿಸ್ ಪೀರಿಯಡ್ ಸಾಮಾನ್ಯ. ಹಾಗಾಗಿ ಎಂಜಿನಿಯರ್ ಬರೆಯುವ ರಾಜೀನಾಮೆ ಪತ್ರದಲ್ಲಿ ಎಲ್ಲಕ್ಕಿಂತ ತೂಕದ ಮಾತು ಒಂದೇ: ಕೆಲಸದ ಕೊನೆಯ ದಿನ ಯಾವುದು?

ಎಂಜಿನಿಯರ್ ಒಬ್ಬರು 2025ರ ಮಾರ್ಚ್ 3, ಸೋಮವಾರ ಪತ್ರ ಕೊಟ್ಟರು ಎಂದಿಟ್ಟುಕೊಳ್ಳಿ. ಕೊಟ್ಟ ದಿನವನ್ನು ಬಿಟ್ಟು ಮರುದಿನದಿಂದ ಎಣಿಸುವುದು ರೂಢಿ. ಮಾರ್ಚ್‌ನಲ್ಲಿ 28 ದಿನ, ಏಪ್ರಿಲ್‌ನಲ್ಲಿ 30, ಮೇನಲ್ಲಿ 31 ಸೇರಿ 89 ಆಯಿತು. ತೊಂಬತ್ತನೆಯ ದಿನ ಜೂನ್ 1. ಎಕ್ಸೆಲ್‌ನ A1 ಚೌಕದಲ್ಲಿ ಪತ್ರದ ದಿನಾಂಕ ಹಾಕಿ, ಪಕ್ಕದಲ್ಲಿ ಹೀಗೆ ಬರೆದರೂ ಅದೇ ಉತ್ತರ ಬರುತ್ತದೆ:

```
=A1+90
```

ಆದರೆ ನೇಮಕಾತಿ ಪತ್ರದಲ್ಲಿ ‘90 ದಿನ’ ಎನ್ನುವ ಬದಲು ‘ಮೂರು ತಿಂಗಳು’ ಎಂದಿದ್ದರೆ ಲೆಕ್ಕ ಜೂನ್ 3ಕ್ಕೆ ಹೋಗುತ್ತದೆ. ಇನ್ನೊಂದು ತೊಡಕೂ ಇದೆ. ಆ ಜೂನ್ 1 ಭಾನುವಾರ. ಕೊನೆಯ ದಿನ ಶುಕ್ರವಾರವೋ ಸೋಮವಾರವೋ ಎಂಬುದನ್ನು ಎಚ್‌ಆರ್ ಬಳಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಬೇಕು.

ಪತ್ರಕ್ಕೆ ಮೂರು ಸಾಲು ಸಾಕು: “ನಾನು ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದಂತೆ 90 ದಿನಗಳ ನೋಟಿಸ್ ಇಂದು, ಮಾರ್ಚ್ 3ರಂದು ಕೊಟ್ಟಿದ್ದು, ನನ್ನ ಕೊನೆಯ ದಿನ 2025ರ ಜೂನ್ 1. ಈ ಪತ್ರ ತಲುಪಿದ್ದನ್ನೂ ಕೊನೆಯ ದಿನವನ್ನೂ ದಯವಿಟ್ಟು ಖಚಿತಪಡಿಸಿ.” ‘ಆದಷ್ಟು ಬೇಗ ಬಿಡುಗಡೆ ಮಾಡಿ’ ಎಂದಷ್ಟೇ ಬರೆದರೆ ದಿನಾಂಕ ನಿಗದಿಯಾಗುವುದಿಲ್ಲ. ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ಹೇಳಿದ ದಿನದಿಂದ ನೋಟಿಸ್ ಶುರುವಾಯಿತು ಎಂದುಕೊಳ್ಳುವುದೂ ತಪ್ಪು. ವಾರ ಕಳೆದು ಇಮೇಲ್ ಕಳಿಸಿದರೆ ಎಚ್‌ಆರ್ ಎಣಿಸುವುದು ಇಮೇಲ್ ದಿನದಿಂದ.

ಹಲವು ಕಂಪನಿಗಳಲ್ಲಿ ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ನಮ್ಮ ಎಂಜಿನಿಯರ್ ಊರಿನ ಮದುವೆಗೆಂದು ಮೂರು ದಿನ ರಜೆ ಹಾಕಿದರೆ ಕೊನೆಯ ದಿನ ಜೂನ್ 4 ಆಗಬಹುದು. ಹೊಸ ಕಂಪನಿಗೆ ಜೂನ್ 2ರಂದೇ ಸೇರುತ್ತೇನೆಂದು ಮಾತು ಕೊಟ್ಟಿದ್ದರೆ ಎರಡೂ ಕಡೆಯ ದಿನಗಳು ಒಂದರ ಮೇಲೊಂದು ಬೀಳುತ್ತವೆ. ಪಿಎಫ್ ಖಾತೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ದಾಖಲಾಗುವುದರಿಂದ, ಹಿನ್ನೆಲೆ ಪರಿಶೀಲಿಸುವವರಿಗೆ ಇದು ಏಕಕಾಲದಲ್ಲಿ ಎರಡು ಕೆಲಸ ಮಾಡಿದಂತೆ ಕಾಣುತ್ತದೆ.

ಕೊನೆಯ ದಿನ ಆಫೀಸಿನ ಇಮೇಲ್ ಬಂದ್ ಆಗುತ್ತದೆ. ಆದ್ದರಿಂದ ಪತ್ರ ಕಳಿಸುವಾಗಲೇ ನಿಮ್ಮ ಸ್ವಂತ ವಿಳಾಸಕ್ಕೂ ಒಂದು ಪ್ರತಿ ಹಾಕಿಕೊಳ್ಳಿ. ಎಚ್‌ಆರ್‌ನಿಂದ ಖಚಿತ ದಿನಾಂಕ ಬರೆಹದಲ್ಲಿ ಕೈಗೆ ಬಂದ ಮೇಲೆಯೇ ಹೊಸ ಕಂಪನಿಗೆ ಸೇರುವ ದಿನ ಹೇಳಿ.