‘ಎಲ್‌ಓಆರ್ ಕೊಡ್ತೀರಾ ಸರ್?’

ವಿದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರು ಹಿಂದೆ ಶಿಫಾರಸು ಪತ್ರಕ್ಕಾಗಿ ಪ್ರಾಧ್ಯಾಪಕರ ಕೊಠಡಿಗೇ ಹೋಗುತ್ತಿದ್ದರು. ಪತ್ರ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಟೈಪಾಗಿ ಲಕೋಟೆ ಸೇರುತ್ತಿತ್ತು. ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಸಹಿ ಬೀಳುತ್ತಿತ್ತು. ವಿದ್ಯಾರ್ಥಿ ಎದುರಿಗೇ ಇರುತ್ತಿದ್ದುದರಿಂದ ಏನಾದರೂ ಮರೆತಿದ್ದರೆ ಕೇಳಿ ತಿಳಿಯಬಹುದಿತ್ತು.

ಈಗ ಲಕೋಟೆ ಇಲ್ಲ. ಅರ್ಜಿಯ ಪೋರ್ಟಲ್‌ನಲ್ಲಿ ಪ್ರಾಧ್ಯಾಪಕರ ಹೆಸರು ಮತ್ತು ಇ-ಮೇಲ್ ವಿಳಾಸ ತುಂಬಿದರೆ ವಿಶ್ವವಿದ್ಯಾಲಯವೇ ಅವರಿಗೆ ಲಿಂಕ್ ಕಳಿಸುತ್ತದೆ. ಹಲವು ಪೋರ್ಟಲ್‌ಗಳಲ್ಲಿ ಅದು ತುಂಬಿದ ಕೂಡಲೇ ಹೋಗಿಬಿಡುತ್ತದೆ. ಒಪ್ಪಿಗೆ ಕೇಳದೆ ವಿಳಾಸ ಕೊಟ್ಟರೆ, ಯಾರದೆಂದೇ ತಿಳಿಯದ ಲಿಂಕೊಂದು ಪ್ರಾಧ್ಯಾಪಕರ ಮುಂದೆ ಬಂದು ನಿಲ್ಲುತ್ತದೆ. ಹಾಗಾಗಿ ವಿದ್ಯಾರ್ಥಿ ಮೊದಲೇ ಬರೆಯುವ ಇ-ಮೇಲ್‌ಗೆ ಎರಡು ಕೆಲಸ ಬಿತ್ತು: ಒಪ್ಪಿಗೆ ಕೇಳುವುದು, ನೆನಪು ಒದಗಿಸುವುದು. ಎರಡನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಡೇಟಾ ಸೈನ್ಸ್ ಸ್ನಾತಕೋತ್ತರಕ್ಕೆ ಇದು ಇನ್ನಷ್ಟು ಮುಖ್ಯ. ಪೈಥಾನ್, ಮೆಷಿನ್ ಲರ್ನಿಂಗ್ ಎಂಬ ಪದಗಳು ಬಹುತೇಕ ಎಲ್ಲ ಅರ್ಜಿಗಳಲ್ಲೂ ಇರುತ್ತವೆ. ಈ ಹುಡುಗ ತನ್ನ ಫಲಿತಾಂಶವನ್ನು ತಾನೇ ಅನುಮಾನಿಸಬಲ್ಲನೇ ಎಂಬುದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ಪ್ರಾಜೆಕ್ಟ್ ಗೈಡ್ ಮಾತ್ರ.

ಒಂದು ಉದಾಹರಣೆ ಕಟ್ಟಿ ನೋಡೋಣ. ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟಿಗೆ ಒಬ್ಬ ವಿದ್ಯಾರ್ಥಿ ಕೋಲಾರ ಎಪಿಎಂಸಿಯ ಟೊಮೆಟೊ ದರವನ್ನು ಮುಂದಾಗಿ ಅಂದಾಜಿಸುವ ಮಾದರಿ ಕಟ್ಟಿದ್ದಾನೆ. ಅವನ ಮೊದಲ ಕರಡು ಹೀಗಿರುತ್ತದೆ: ‘ಗೌರವಾನ್ವಿತ ಸರ್, ನಾನು ಎಂಎಸ್‌ಗೆ ಅರ್ಜಿ ಹಾಕುತ್ತಿದ್ದೇನೆ. ದಯವಿಟ್ಟು ಎಲ್‌ಓಆರ್ ಕೊಡಿ.’ ಇದರಿಂದ ಪ್ರಾಧ್ಯಾಪಕರು ಬರೆಯಬಹುದಾದದ್ದು ‘ಶ್ರಮಜೀವಿ, ಶಿಸ್ತಿನ ಹುಡುಗ’ ಎಂಬಷ್ಟೇ.

ಎರಡನೆಯ ಕರಡಿನಲ್ಲಿ ಅವನು ನಡೆದದ್ದನ್ನು ಬರೆಯುತ್ತಾನೆ. ‘ಸರ್, ಮೊದಲ ಪರಿಶೀಲನೆಯಲ್ಲಿ ನನ್ನ ಮಾದರಿಯ ತಪ್ಪು ತೀರಾ ಕಡಿಮೆ ಬಂದಿತ್ತು. ದಿನಗಳನ್ನು ಕಲಸಿ ತರಬೇತಿ ಮತ್ತು ಪರೀಕ್ಷೆಗೆ ಹಂಚಿದ್ದೀಯ, ನಾಳೆಯ ದರ ನೋಡಿಕೊಂಡು ಇವತ್ತಿನದನ್ನು ಹೇಳುತ್ತಿದ್ದೀಯ ಎಂದು ತಾವು ತೋರಿಸಿದಿರಿ. ಆಮೇಲೆ ಹಳೆಯ ತಿಂಗಳುಗಳಲ್ಲಿ ತರಬೇತಿ, ಕೊನೆಯ ತಿಂಗಳುಗಳಲ್ಲಿ ಪರೀಕ್ಷೆ ಎಂದು ಬದಲಿಸಿದೆ. ತಪ್ಪು ಹೆಚ್ಚಾಯಿತು; ವರದಿಯಲ್ಲಿ ಆ ಸಂಖ್ಯೆಯನ್ನೇ ಕೊಟ್ಟೆ. ಮಾರುಕಟ್ಟೆ ರಜೆಯ ದಿನಗಳಿಗೆ ಸೊನ್ನೆ ತುಂಬಿದ್ದನ್ನೂ ತೆಗೆದೆ.’ ಮಾದರಿ ಸೋತಂತೆ ಕಾಣುವ ಈ ಘಟನೆಯೇ ಪತ್ರದ ಜೀವ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಾಧ್ಯಾಪಕರಿಗೆ ಆ ದಿನ ನೆನಪಾಗುತ್ತದೆ, ಓದುವ ಸಮಿತಿಗೆ ನಂಬಿಕೆ ಬರುತ್ತದೆ.

ಉಳಿದ ಸಾಲುಗಳು ಚಿಕ್ಕವು. ಡಿಸೆಂಬರ್ 15ರ ಗಡುವಿಗೆ ನವೆಂಬರ್ ಮೊದಲ ವಾರದೊಳಗೆ ಕೇಳಬೇಕು; ವಿಷಯದ ಸಾಲಿನಲ್ಲೇ ಆ ದಿನಾಂಕ ಇರಬೇಕು. ವಿಶ್ವವಿದ್ಯಾಲಯಗಳ ಪಟ್ಟಿ, ಅಂಕಪಟ್ಟಿ, ಪ್ರಾಜೆಕ್ಟ್ ವರದಿ ಜೊತೆಗಿರಲಿ. ‘ಬಲವಾಗಿ ಬರೆಯುವಷ್ಟು ನನ್ನ ಕೆಲಸ ತಮಗೆ ಪರಿಚಯವಿಲ್ಲದಿದ್ದರೆ ಹೇಳಿಬಿಡಿ ಸರ್’ ಎಂಬ ಮಾತೂ ಬೇಕು. ಒಲ್ಲದ ಮನಸ್ಸಿನ ಪತ್ರಕ್ಕಿಂತ ನಿರಾಕರಣೆ ಮೇಲು.

ಅಮೆರಿಕದ ಅರ್ಜಿಗಳಿಗೆ ಇನ್ನೊಂದು ಸಾಲು ಸೇರುತ್ತದೆ, ಅದಕ್ಕೆ ಅರ್ಧ ಶತಮಾನದ ಹಿನ್ನೆಲೆಯಿದೆ. ಅಲ್ಲಿ 1974ರಲ್ಲಿ ಬಂದ ಫೆರ್ಪಾ ಕಾನೂನು ವಿದ್ಯಾರ್ಥಿಗಳಿಗೆ ತಮ್ಮ ಶೈಕ್ಷಣಿಕ ದಾಖಲೆ ನೋಡುವ ಹಕ್ಕು ಕೊಟ್ಟಿತು. ವಿದ್ಯಾರ್ಥಿ ಓದುತ್ತಾನೆಂದರೆ ಯಾರು ಮನಸ್ಸು ಬಿಚ್ಚಿ ಬರೆದಾರು ಎಂಬ ಆತಂಕ ಹುಟ್ಟಿತು. ಅದೇ ವರ್ಷದ ಕೊನೆಯಲ್ಲಿ ತಿದ್ದುಪಡಿ ಬಂದು, ಶಿಫಾರಸು ಪತ್ರ ನೋಡುವ ಹಕ್ಕನ್ನು ಬಯಸಿದರೆ ಬಿಟ್ಟುಕೊಡಬಹುದು ಎಂದಾಯಿತು. ಪೋರ್ಟಲ್‌ನಲ್ಲಿ ಕಾಣುವ ಹಕ್ಕು ಬಿಟ್ಟುಕೊಡುವ ಚೌಕದ ಮೂಲ ಇದು. ಪ್ರವೇಶಕ್ಕೆ ಅದನ್ನು ಷರತ್ತಾಗಿಸುವಂತಿಲ್ಲ. ಆದರೂ ಬಿಟ್ಟುಕೊಟ್ಟಿದ್ದೇನೆಂದು ಮೇಲ್‌ನಲ್ಲಿ ತಿಳಿಸಿದರೆ ಬರೆಯುವವರು ನಿರಾಳವಾಗಿ ಬರೆಯುತ್ತಾರೆ.

ನಮ್ಮಲ್ಲಿ ಈ ಗೋಪ್ಯತೆ ಮುರಿಯುವುದು ಬೇರೆ ಕಡೆ: ‘ನೀನೇ ಬರೆದು ತಾ, ಸಹಿ ಹಾಕ್ತೀನಿ’. ನೂರಾರು ವಿದ್ಯಾರ್ಥಿಗಳ ಭಾರ ಹೊತ್ತವರ ಮಾತು ಅರ್ಥವಾಗುತ್ತದೆ. ಆದರೆ ಒಬ್ಬನೇ ಬರೆದ ಮೂರು ಪತ್ರಗಳಲ್ಲಿ ಅದೇ ವಿಶೇಷಣ, ಅದೇ ವಾಕ್ಯದ ಓಟ ಮರುಕಳಿಸುತ್ತದೆ, ಸಮಿತಿಯ ಕಣ್ಣಿಗೆ ಬೀಳುತ್ತದೆ. ಇಡೀ ಪತ್ರದ ಬದಲು ಘಟನೆಗಳ ಟಿಪ್ಪಣಿ ಕೊಟ್ಟು, ‘ತಮ್ಮ ಮಾತಿನಲ್ಲೇ ಬರೆದರೆ ಸಾಕು ಸರ್, ಉದ್ದ ಬೇಡ’ ಎಂದು ಕೇಳುವುದೇ ಮರ್ಯಾದೆಯ ದಾರಿ.

ಒಪ್ಪಿಗೆ ಬಂದ ಮೇಲೆಯೇ ವಿಳಾಸ ತುಂಬಬೇಕು, ಅದೂ ಕಾಲೇಜಿನ ವಿಳಾಸವನ್ನು. ಉಚಿತ ಖಾತೆಗಳನ್ನು ಕೆಲವು ವಿಶ್ವವಿದ್ಯಾಲಯಗಳು ಸಂಶಯದಿಂದ ನೋಡುತ್ತವೆ. ಲಿಂಕ್ ಕಾಣದಿದ್ದರೆ ಸ್ಪ್ಯಾಮ್ ನೋಡಲು ವಿನಂತಿಸಬೇಕು. ಪತ್ರ ಸೇರಿತೋ ಇಲ್ಲವೋ ಪೋರ್ಟಲ್‌ನಲ್ಲೇ ಗೊತ್ತಾಗುತ್ತದೆ. ಗಡುವಿಗೆ ವಾರವಿದ್ದಾಗಲೂ ಸೇರಿರದಿದ್ದರೆ ಅದೇ ಮೇಲ್‌ಗೆ ಉತ್ತರವಾಗಿ ಎರಡು ಸಾಲಿನ ನೆನಪೋಲೆ ಕಳಿಸಬಹುದು.